ಕೊನೆಗೌಡನ ಕೂಲಿಯನ್ನು ನಿರ್ಧರಿಸುವುದು ಯಾವುದು?

ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿರಸಿ ಸೀಮೆಯ ಯಾವುದೇ ತೋಟಕ್ಕೆ ಹೋದರೂ, ಒಂದೇ ಬೆಳೆಯ ಸುತ್ತ ಮೂರು ಬಗೆಯ ಕೆಲಸ ನಡೆಯುವುದನ್ನೂ ಆ ಮೂರಕ್ಕೂ ಬೇರೆ ಬೇರೆ ಕೂಲಿ ಸಲ್ಲುವುದನ್ನೂ ಕಾಣಬಹುದು. ಮರವೇರಿ ಅಡಿಕೆಯ ಗೊನೆಯನ್ನು, ಇಲ್ಲಿನ ಮಾತಿನಲ್ಲಿ ಕೊನೆಯನ್ನು, ಇಳಿಸುವ ಕೊನೆಗೌಡನಿಗೆ ಎಲ್ಲರಿಗಿಂತ ಹೆಚ್ಚು. ಕೆಳಗೆ ನಿಂತು, ನೇಣಿನಲ್ಲಿ ಜಾರಿಬರುವ ಕೊನೆಯನ್ನು ನೆಲಕ್ಕೆ ಬಡಿಯದಂತೆ ಹಿಡಿಯುವವನಿಗೆ ಅದಕ್ಕಿಂತ ಕಡಿಮೆ. ಸಂಜೆಯಿಂದ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರಿಗೆ ಸುಲಿದ ಅಡಿಕೆಯ ಅಳತೆಯ ಮೇಲೆ ಹಣ, ಮತ್ತು ದಿನದ ಲೆಕ್ಕಕ್ಕೆ ಇಳಿಸಿದರೆ ಅದು ಸಾಮಾನ್ಯವಾಗಿ ಕೊನೆಗೌಡನ ಗಳಿಕೆಯ ಹತ್ತಿರಕ್ಕೂ ಬರುವುದಿಲ್ಲ. ಸುಲಿಯದ ಅಡಿಕೆಯನ್ನು ಬೇಯಿಸಲು ಬರುವುದಿಲ್ಲ, ಇಳಿಸದ ಕೊನೆಯನ್ನು ಸುಲಿಯಲು ಬರುವುದಿಲ್ಲ. ಎರಡೂ ಅಷ್ಟೇ ಅಗತ್ಯವಾಗಿರುವಾಗ ಕೂಲಿಯಲ್ಲಿ ಇಷ್ಟು ಅಂತರ ಏಕೆ ಎಂಬುದು ನ್ಯಾಯವಾದ ಪ್ರಶ್ನೆ.

ಶ್ರಮ ಹೆಚ್ಚು, ಅಪಾಯ ಹೆಚ್ಚು, ಅದಕ್ಕೇ ಕೂಲಿ ಹೆಚ್ಚು ಎಂಬುದು ಊರಿನಲ್ಲಿ ಸಿಗುವ ಉತ್ತರ. ಅದರಲ್ಲಿ ಸತ್ಯಾಂಶವಿದೆ, ಆದರೆ ಅಷ್ಟರಿಂದ ಲೆಕ್ಕ ಕೂಡಿಬರುವುದಿಲ್ಲ, ಏಕೆಂದರೆ ಬೆನ್ನು ನೋಯುವಷ್ಟು ದುಡಿದೂ ಕಡಿಮೆ ಕೂಲಿ ಪಡೆಯುವ ಕೆಲಸಗಳು ನಮ್ಮ ಸುತ್ತ ಬೇಕಾದಷ್ಟಿವೆ. ಅರ್ಥಶಾಸ್ತ್ರ ಕೊಡುವ ಉತ್ತರ ಬೇರೆ ಜಾಗದಿಂದ ಹೊರಡುತ್ತದೆ. ಕೂಲಿಯನ್ನು ನಿರ್ಧರಿಸುವುದು ಆ ಕೆಲಸದ ಒಟ್ಟು ಬೆಲೆಯಲ್ಲ, ಕೆಲಸಕ್ಕೆ ಸೇರಿದ ಕೊನೆಯ ಒಬ್ಬ ಆಳಿನಿಂದ ಮಾಲೀಕನ ಆದಾಯಕ್ಕೆ ಎಷ್ಟು ಹೆಚ್ಚಾಯಿತು ಎಂಬ ಮೊತ್ತ. ಅದನ್ನು ಶ್ರಮದ ಸೀಮಾಂತ ಆದಾಯ ಉತ್ಪನ್ನ ಎನ್ನುತ್ತಾರೆ. ಒಬ್ಬ ಹೆಚ್ಚಿನ ಆಳಿನಿಂದ ಎಷ್ಟು ಹೆಚ್ಚು ಮಾಲು ಬಂತು ಎಂಬುದು ಅದರ ಒಂದು ಭಾಗ, ಆ ಹೆಚ್ಚಿನ ಮಾಲಿನಿಂದ ಎಷ್ಟು ಹೆಚ್ಚು ಹಣ ಬಂತು ಎಂಬುದು ಇನ್ನೊಂದು ಭಾಗ, ಇವೆರಡರ ಗುಣಲಬ್ಧವೇ ಆ ಮೊತ್ತ. ಅಮೆರಿಕದ ಜಾನ್ ಬೇಟ್ಸ್ ಕ್ಲಾರ್ಕ್ 1899ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೂಲಿಯ ಸಿದ್ಧಾಂತವನ್ನು ಈ ತಳಹದಿಯ ಮೇಲೆ ವಿಸ್ತಾರವಾಗಿ ಕಟ್ಟಿದರು.

ಇಲ್ಲಿ ‘ಹೆಚ್ಚಾಯಿತು’ ಎಂಬುದನ್ನು ಸರಿಯಾಗಿ ಹಿಡಿಯಬೇಕು, ಬಹಳಷ್ಟು ಜನ ಎಡವುವುದು ಇಲ್ಲಿಯೇ. ಕೊನೆಗೌಡ ಒಂದು ದಿನದಲ್ಲಿ ಇಳಿಸಿದ ಕೊನೆಗಳನ್ನೆಲ್ಲ ಎಣಿಸಿ, ಒಂದೊಂದರಿಂದ ಸಿಗುವ ಒಣ ಅಡಿಕೆಯನ್ನು ಪೇಟೆಯ ದರದಿಂದ ಗುಣಿಸಿದರೆ ಹತ್ತಾರು ಸಾವಿರ ರೂಪಾಯಿ ಆಗಬಹುದು. ಅದನ್ನೇ ಅವನ ಕೊಡುಗೆ ಎಂದು ತಿಳಿದರೆ ಅವನಿಗೆ ಸಲ್ಲುವ ಕೂಲಿ ಭಿಕ್ಷೆಯಂತೆ ಕಾಣುತ್ತದೆ. ಆದರೆ ಅವನು ಆ ದಿನ ಬಾರದೇ ಇದ್ದಿದ್ದರೆ ಆ ಅಡಿಕೆಯೆಲ್ಲ ಮಣ್ಣುಪಾಲಾಗುತ್ತಿತ್ತೇ? ಇಲ್ಲ. ಕೆಂಪಡಿಕೆಗೆಂದು ಹಸಿಯಾಗಿ ಕೊಯ್ಯಬೇಕಾದ ಕೊನೆ ಬಲಿತು ಹಣ್ಣಾಗುತ್ತಿತ್ತು, ಅದನ್ನು ಒಣಗಿಸಿ ಚಾಲಿ ಮಾಡಬಹುದಿತ್ತು, ಒಂದಷ್ಟು ಉದುರಿ ಗೋಟಾಗುತ್ತಿತ್ತು, ಹುಲ್ಲಿನಲ್ಲಿ ಬಿದ್ದು ಕೊಳೆತದ್ದು ಮಾತ್ರ ನಿಜವಾಗಿ ಹೋಗುತ್ತಿತ್ತು. ಹಾಗಾಗಿ ಅವನ ಕೊಡುಗೆ ಎಂದರೆ ಹದಕ್ಕೆ ಕೊಯ್ದ ಅಡಿಕೆಯ ಬೆಲೆಗೂ, ಅವನಿಲ್ಲದಿದ್ದರೆ ಅದೇ ಅಡಿಕೆ ತರುತ್ತಿದ್ದ ಬೆಲೆಗೂ ಇರುವ ಅಂತರ. ಆ ಅಂತರದಿಂದಲೂ ನೇಣು ಹಿಡಿಯುವವನ ಕೂಲಿ, ಸುಲಿಯುವ ಖರ್ಚು, ಬೇಯಿಸುವ ಕಟ್ಟಿಗೆಯ ಖರ್ಚುಗಳಲ್ಲಿ ಎಷ್ಟು ಹೆಚ್ಚಾಯಿತೋ ಅಷ್ಟನ್ನು ಕಳೆಯಬೇಕು. ಉಳಿದದ್ದು ಅವನ ಲೆಕ್ಕಕ್ಕೆ ಬರುವ ಹಣ.

ಒಂದು ತೋಟವನ್ನು ತೆಗೆದುಕೊಂಡು ಇದನ್ನು ಬಿಡಿಸೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಇಟ್ಟವು, ಯಾವುದೋ ಊರಿನ ಈ ವರ್ಷದ ದರವಲ್ಲ. ಒಂದು ವಾರದೊಳಗೆ ಕೊನೆಗೌಡನನ್ನು ಎಷ್ಟು ದಿನ ಕರೆಸಬೇಕು ಎಂದು ತೋಟದ ಯಜಮಾನರು ಯೋಚಿಸುತ್ತಿದ್ದಾರೆ. ಮೊದಲ ದಿನ ಅವನನ್ನು ಕಳಿಸುವುದು ಕೊನೆಗಳೆಲ್ಲ ಒಟ್ಟಿಗೆ ಹದಕ್ಕೆ ಬಂದಿರುವ ತುಂಡಿಗೆ. ಅಲ್ಲಿ ಮರದಿಂದ ಮರಕ್ಕೆ ದಾಟುತ್ತ 150 ಕೊನೆ ಇಳಿಸುತ್ತಾನೆ, ಒಂದೊಂದರಲ್ಲೂ ಖರ್ಚು ಕಳೆದು 40 ರೂಪಾಯಿ ಹೆಚ್ಚು ಸಿಗುತ್ತದೆ, ಒಟ್ಟು 6,000 ರೂಪಾಯಿ. ಎರಡನೆಯ ದಿನ ಉಳಿದಿರುವ ತುಂಡಿನಲ್ಲಿ ಹದಕ್ಕೆ ಬಂದ ಕೊನೆ ಸ್ವಲ್ಪ ವಿರಳ, 120 ಕೊನೆಗೆ ತಲಾ 35ರಂತೆ 4,200. ಮೂರನೆಯ ದಿನ 100 ಕೊನೆ, ತಲಾ 25, ಅಂದರೆ 2,500. ನಾಲ್ಕನೆಯ ದಿನಕ್ಕೆ ಉಳಿಯುವುದು ಅಲ್ಲೊಂದು ಇಲ್ಲೊಂದು ಕೊನೆ. ಅದಕ್ಕಾಗಿ ಅದೇ ಮರಗಳನ್ನು ಮತ್ತೆ ಹತ್ತಬೇಕು. ಅಷ್ಟರಲ್ಲಿ ಅಂಗಳವೂ ತುಂಬಿ, ಬೇಯಿಸಿದ ಅಡಿಕೆ ಹರಡಲು ಜಾಗ ಸಾಲದೆ ಬಣ್ಣ ಕೆಡುತ್ತದೆ. 70 ಕೊನೆಗೆ ತಲಾ 20ರಂತೆ 1,400 ಮಾತ್ರ.

ಕೊನೆಗೌಡ ನಾಲ್ಕನೆಯ ದಿನ ಸೋಮಾರಿಯಾದದ್ದಲ್ಲ. ತೋಟ, ಹಂಡೆ, ಅಂಗಳ ಇವೆಲ್ಲ ಇದ್ದಷ್ಟೇ ಇರುವಾಗ ಅವುಗಳ ಮೇಲೆ ದುಡಿಮೆಯನ್ನು ಮಾತ್ರ ಹೆಚ್ಚಿಸುತ್ತ ಹೋದರೆ ಪ್ರತಿ ಹೆಚ್ಚಳದ ಫಲ ಇಳಿಯುತ್ತದೆ, ಅಷ್ಟೇ. ಈಗ ಊರಿನ ಕೂಲಿ ದಿನಕ್ಕೆ 2,000 ಇದ್ದರೆ ಯಜಮಾನರು ಮೂರು ದಿನ ಕರೆಸುತ್ತಾರೆ. ಮೂರನೆಯ ದಿನ 2,500 ತರುತ್ತದೆ, ನಾಲ್ಕನೆಯದು ತರುವುದು 1,400, ಅದಕ್ಕೆ 2,000 ಕೊಟ್ಟರೆ 600 ಕೈಯಿಂದ ಹೋಗುತ್ತದೆ. ಗಮನಿಸಬೇಕಾದದ್ದು, ಮೂರು ದಿನಕ್ಕೆ ಒಟ್ಟು ಬಂದದ್ದು 12,700, ಸರಾಸರಿ ದಿನಕ್ಕೆ 4,200ಕ್ಕೂ ಮೇಲೆ. ಸರಾಸರಿಯನ್ನು ನೋಡಿ ನಾಲ್ಕನೆಯ ದಿನವೂ ಲಾಭವೇ ಎಂದು ಹೊರಟವರು ಕಳೆದುಕೊಳ್ಳುತ್ತಾರೆ. ಹಾಗೆಯೇ ಸರಾಸರಿಯನ್ನು ನೋಡಿ ಕೂಲಿ 4,200 ಇರಬೇಕಿತ್ತು ಎನ್ನುವವರು, ಆ ದರದಲ್ಲಿ ಮೂರನೆಯ ದಿನದ ಕೆಲಸವೇ ಇರುತ್ತಿರಲಿಲ್ಲ ಎಂಬುದನ್ನು ಮರೆಯುತ್ತಾರೆ. ಕೂಲಿ ಕೊಟ್ಟ ಮೇಲೆ ಉಳಿಯುವ 6,700 ರೂಪಾಯಿ ತೋಟಕ್ಕೆ ಸಲ್ಲುವ ಭಾಗ. ವರ್ಷವಿಡೀ ಹಾಕಿದ ಗೊಬ್ಬರ, ಸೊಪ್ಪು, ಮಳೆಗಾಲದ ಕೊಳೆರೋಗಕ್ಕೆ ಹೊಡೆದ ಮದ್ದು ಎಲ್ಲದರ ಹಣ ಅದರಿಂದ ಮತ್ತು ಕೊನೆಗೌಡನಿಲ್ಲದಿದ್ದರೂ ಅಡಿಕೆ ತರುತ್ತಿದ್ದ ಬೆಲೆಯಿಂದ ಬರಬೇಕು, ಮಿಕ್ಕದ್ದು ಭೂಮಿಯ ಒಡೆತನದ ಆದಾಯ. ಆ ಒಡೆತನ ಯಾರ ಕೈಯಲ್ಲಿದೆ, ಹೇಗೆ ಬಂತು ಎಂಬುದಕ್ಕೆ ಈ ಸಿದ್ಧಾಂತದಲ್ಲಿ ಉತ್ತರವಿಲ್ಲ. ಯಾರಿಗೆ ಎಷ್ಟು ಸಲ್ಲುವುದು ನ್ಯಾಯ ಎಂದು ಇದರಿಂದ ತೀರ್ಪು ಕೊಡಲು ಹೊರಟರೆ ಅದು ಸಿದ್ಧಾಂತದ ದುರುಪಯೋಗ ಎಂದೇ ನನ್ನ ಅಭಿಪ್ರಾಯ.

ಆದರೆ 2,000 ಎಂಬ ದರ ಎಲ್ಲಿಂದ ಬಂತು? ಒಂದು ತೋಟದ ಯಜಮಾನರು ಅದನ್ನು ನಿಗದಿ ಮಾಡುವುದಿಲ್ಲ, ಸೀಮೆಯಲ್ಲಿ ನಡೆಯುವ ದರವನ್ನು ಒಪ್ಪಿಕೊಂಡು ಎಷ್ಟು ದಿನ ಕರೆಸಬೇಕೆಂದು ಮಾತ್ರ ತೀರ್ಮಾನಿಸುತ್ತಾರೆ. ಇಂಥದೇ 40 ತೋಟಗಳಿವೆ, 20 ಕೊನೆಗೌಡರು ವಾರಕ್ಕೆ ಆರು ದಿನ ದುಡಿಯುತ್ತಾರೆ ಎಂದುಕೊಳ್ಳೋಣ. ಇರುವ ದುಡಿಮೆ 120 ದಿನ. ತೋಟವೊಂದಕ್ಕೆ ಮೂರು ದಿನದಂತೆ ಬೇಕಾದದ್ದೂ 120 ದಿನ. ದರ 1,400ಕ್ಕಿಂತ ಕೆಳಗಿಳಿದರೆ ಎಲ್ಲರೂ ನಾಲ್ಕನೆಯ ದಿನಕ್ಕೆ ಕರೆಯುತ್ತಾರೆ, ಜನ ಸಾಲದೆ ದರ ಮೇಲೇರುತ್ತದೆ. 2,500 ದಾಟಿದರೆ ಎಲ್ಲರೂ ಮೂರನೆಯ ದಿನವನ್ನು ಕೈಬಿಡುತ್ತಾರೆ, ಕೊನೆಗೌಡರಿಗೆ ಕೆಲಸ ಸಾಲದೆ ದರ ಇಳಿಯುತ್ತದೆ. ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ರೂಢಿ, ಚೌಕಾಸಿ, ಹಿಂದಿನ ವರ್ಷದ ದರ ತೀರ್ಮಾನಿಸುತ್ತವೆ. ಸೀಮಾಂತ ಲೆಕ್ಕ ಮೇಲಿನ ಮತ್ತು ಕೆಳಗಿನ ಎರಡು ಗಡಿಗಳನ್ನು ಮಾತ್ರ ಹಾಕಿಕೊಡುತ್ತದೆ.

ಮುಂದಿನ ವರ್ಷ ಐವರು ವಯಸ್ಸಾಗಿ ಮರ ಹತ್ತುವುದನ್ನು ಬಿಟ್ಟರು, ಅವರ ಮಕ್ಕಳು ಬೆಂಗಳೂರಿಗೋ ಗೋವಾಕ್ಕೋ ಹೋದರು ಎನ್ನೋಣ. ಉಳಿದ 15 ಜನರ ದುಡಿಮೆ 90 ದಿನ. 2,000ದ ದರದಲ್ಲಿ ಬೇಡಿಕೆ ಇನ್ನೂ 120 ದಿನ ಇರುವುದರಿಂದ ಯಜಮಾನರು ಒಬ್ಬರಿಗಿಂತ ಒಬ್ಬರು ಹೆಚ್ಚು ಕೊಟ್ಟು ಕರೆಯುತ್ತಾರೆ, ದರ 2,500ಕ್ಕೆ ಏರುವವರೆಗೂ ಈ ಪೈಪೋಟಿ ನಿಲ್ಲುವುದಿಲ್ಲ. ಅಲ್ಲಿಗೆ ಬಂದಾಗ ಮೂರನೆಯ ದಿನ ಕರೆಸಿದರೂ ಒಂದೇ, ಬಿಟ್ಟರೂ ಒಂದೇ ಎಂಬ ಸ್ಥಿತಿ. ಮೂವತ್ತು ತೋಟಗಳು ಬಿಡುತ್ತವೆ, ಹತ್ತು ತೋಟಗಳು ಕರೆಸುತ್ತವೆ, ಲೆಕ್ಕ 90ಕ್ಕೆ ಸರಿಹೋಗುತ್ತದೆ. ಕೊನೆಗೌಡನ ಕೌಶಲ ಒಂದು ವರ್ಷದಲ್ಲಿ ಹೆಚ್ಚಲಿಲ್ಲ, ಮರ ಎತ್ತರವಾಗಲಿಲ್ಲ, ಅವನು ಹೆಚ್ಚು ಬೆವರನ್ನೂ ಸುರಿಸಲಿಲ್ಲ. ಜನ ಕಡಿಮೆಯಾದ್ದರಿಂದ ಕಡಿಮೆ ಫಲದ ಕೆಲಸಗಳು ಕೈಬಿಟ್ಟುಹೋದವು, ಹೆಚ್ಚು ಫಲದ ಕೆಲಸಗಳು ಮಾತ್ರ ಉಳಿದವು, ಹಾಗಾಗಿ ಕೊನೆಯ ದಿನದ ಫಲವೇ ದೊಡ್ಡದಾಯಿತು.

ಪೇಟೆಯ ದರ ಬದಲಾದರೂ ಹೀಗೆಯೇ. ಕೆಂಪಡಿಕೆಗೂ ಚಾಲಿಗೂ ಇರುವ ಬೆಲೆಯ ಅಂತರ ಹೆಚ್ಚಿ, ಪ್ರತಿ ಕೊನೆಯ ಫಲ ಒಂದೂವರೆ ಪಟ್ಟಾದರೆ ನಾಲ್ಕನೆಯ ದಿನದ 1,400 ರೂಪಾಯಿ 2,100 ಆಗುತ್ತದೆ, 2,000 ಕೊಟ್ಟರೂ ಗಿಟ್ಟುತ್ತದೆ. ಎರಡೂ ಬೆಲೆಗಳು ಒಟ್ಟಿಗೆ ಏರಿ ಅಂತರ ಹಾಗೆಯೇ ಉಳಿದರೆ, ಅಡಿಕೆಗೆ ಬಂಗಾರದ ಬೆಲೆ ಬಂದಿದೆ ಎಂಬ ಸಂಭ್ರಮದ ವರ್ಷದಲ್ಲೂ ಹದಕ್ಕೆ ಕೊಯ್ಯುವವನ ಕೂಲಿ ಹೆಚ್ಚು ಕದಲದಿರಬಹುದು.

ಒಬ್ಬ ಬೆಳೆಗಾರ ನಾಲ್ಕು ಚೀಲ ಹೆಚ್ಚು ತಂದರೆ ಶಿರಸಿಯ ಅಡಿಕೆ ಪೇಟೆಯ ದರ ಅಲುಗಾಡುವುದಿಲ್ಲ, ಆದ್ದರಿಂದ ಅಲ್ಲಿ ಹೆಚ್ಚಿನ ಮಾಲಿಗೆ ಪೇಟೆಯ ದರವೇ ಸಿಗುತ್ತದೆ. ಎಲ್ಲೆಡೆಯೂ ಹೀಗಿರುವುದಿಲ್ಲ. ಕರಾವಳಿಯಿಂದ ಘಟ್ಟದ ಮೇಲಿನ ಸಣ್ಣ ಪೇಟೆಗೆ ಬಂಗಡೆ ಒಯ್ಯುವ ಒಬ್ಬನೇ ವ್ಯಾಪಾರಿ ಹತ್ತು ಬುಟ್ಟಿಯನ್ನು ತಲಾ 1,000ಕ್ಕೆ ಮಾರುತ್ತಾನೆ, ಹನ್ನೊಂದು ಒಯ್ದರೆ ಎಲ್ಲವನ್ನೂ 950ಕ್ಕೆ ಇಳಿಸಬೇಕಾಗುತ್ತದೆ ಎನ್ನೋಣ. ಹತ್ತು ಬುಟ್ಟಿಗೆ 10,000, ಹನ್ನೊಂದಕ್ಕೆ 10,450. ಹನ್ನೊಂದನೆಯ ಬುಟ್ಟಿ 950ಕ್ಕೆ ಮಾರಾಟವಾದರೂ ತಂದ ಹೆಚ್ಚಿನ ಹಣ 450 ಮಾತ್ರ. ಆ ಬುಟ್ಟಿಯನ್ನು ಹೊರಲು ಇನ್ನೊಬ್ಬ ಆಳನ್ನು ಇಡಬೇಕೇ ಎಂದು ಯೋಚಿಸುವಾಗ ಅವನು ನೋಡುವುದು ಈ 450ನ್ನು. ಬೆಲೆಯ ಬದಲು ಸೀಮಾಂತ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದು ಇದಕ್ಕಾಗಿ.

ಈಗ ಮೆಟ್ಟುಗತ್ತಿಯ ಮುಂದೆ ಕುಳಿತವರ ಕಡೆ ತಿರುಗೋಣ. ಸುಲಿಯುವವರು ಒಬ್ಬರೂ ಇಲ್ಲದಿದ್ದರೆ ಕೊಯ್ದ ಅಡಿಕೆಯೆಲ್ಲ ಕೆಡುತ್ತದೆ, ಆ ದೃಷ್ಟಿಯಿಂದ ಸುಲಿಯುವ ಕೆಲಸದ ಒಟ್ಟು ಬೆಲೆ ಕೊನೆ ಕೊಯ್ಯುವ ಕೆಲಸಕ್ಕಿಂತ ಕಡಿಮೆಯಲ್ಲ. ಆದರೆ ಅಂಗಳದಲ್ಲಿ ಎಂಟು ಜನ ಸುಲಿಯುತ್ತಿರುವಾಗ ಒಂಬತ್ತನೆಯವರು ಬಂದು ಕುಳಿತರೆ ಆಗುವುದು, ರಾತ್ರಿ ಹನ್ನೊಂದಕ್ಕೆ ಮುಗಿಯುವ ಕೆಲಸ ಹತ್ತೂವರೆಯ ಸುಮಾರಿಗೆ ಮುಗಿಯುವುದು. ಅಷ್ಟೇ ಅವರ ಹೆಚ್ಚಿನ ಫಲ. ಸುಲಿಯುವುದನ್ನು ಒಂದು ಕೊಯ್ಲಿನಲ್ಲಿ ಕಲಿಯಬಹುದು, ಮನೆಯ ಹತ್ತಿರವೇ ಕೆಲಸವಿರುವುದರಿಂದ ಬರಬಲ್ಲವರು ಹೆಚ್ಚು, ಬಂದವರು ಹೆಚ್ಚಾದಷ್ಟೂ ಕೊನೆಯವರ ಫಲ ಇಳಿಯುತ್ತದೆ, ಮತ್ತು ಎಲ್ಲರ ಸುಲಿಗೂಲಿಯೂ ಆ ಕೊನೆಯವರ ಫಲದ ಮಟ್ಟದಲ್ಲೇ ನಿಲ್ಲುತ್ತದೆ. ಜೊತೆಗೆ ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ಕೂಲಿಗೆ ಮೇಲೊಂದು ತಡೆಯೂ ಬಿದ್ದಿದೆ. ಯಂತ್ರದಲ್ಲಿ ಸುಲಿಸಲು ತಗಲುವ ವೆಚ್ಚ, ಅದರಲ್ಲಿ ಒಡೆದುಹೋಗುವ ಅಡಿಕೆಯ ನಷ್ಟ ಎರಡನ್ನೂ ಕೂಡಿಸಿದ ಮೊತ್ತಕ್ಕಿಂತ ಕೈಸುಲಿತದ ದರ ಮೇಲೇರಿದರೆ ಯಜಮಾನರು ಯಂತ್ರಕ್ಕೆ ಹೋಗುತ್ತಾರೆ. ಕೊನೆಗೌಡನ ಕೂಲಿಗೂ ಇಂಥ ತಡೆ ಬರತೊಡಗಿದೆ. ನೆಲದಲ್ಲೇ ನಿಂತು ಕೊಯ್ಯುವ ಹಗುರ ಕಾರ್ಬನ್ ಫೈಬರ್ ದೋಟಿಯನ್ನು ಬಳಸಲು ಕಲಿತವರು ಹೆಚ್ಚಾದಷ್ಟೂ, ಮರ ಹತ್ತುವ ಕೆಲಸ ದೋಟಿಗೆ ಎಟುಕದ ಎತ್ತರದ ಮರಗಳಿಗೆ ಸೀಮಿತವಾಗುತ್ತ ಹೋಗುತ್ತದೆ.

ಅಪಾಯದ ಪಾತ್ರವೂ ಇಲ್ಲಿ ಸ್ಪಷ್ಟವಾಗುತ್ತದೆ. ಕಷ್ಟದ, ಹೊಲಸಿನ, ಅಪಾಯದ ಕೆಲಸಕ್ಕೆ ಉಳಿದವು ಸಮವಿದ್ದಾಗ ಹೆಚ್ಚು ಕೂಲಿ ಬೀಳುತ್ತದೆ ಎಂದು ಆಡಮ್ ಸ್ಮಿತ್ 1776ರಷ್ಟು ಹಿಂದೆಯೇ ವಿವರಿಸಿದ್ದರು. ಆದರೆ ಅಪಾಯ ತಾನಾಗಿ ಕೂಲಿಯನ್ನು ಏರಿಸುವುದಿಲ್ಲ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಣ್ಣಾರೆ ಕಂಡ ಹುಡುಗ ಆ ಕೆಲಸವೇ ಬೇಡ ಎಂದು ಬೇರೆ ದಾರಿ ಹಿಡಿಯುತ್ತಾನೆ, ಅದರಿಂದ ಹತ್ತುವವರ ಸಂಖ್ಯೆ ಕಡಿಮೆಯಾಗುತ್ತದೆ, ಆಗ ಮಾತ್ರ ಕೊನೆಯ ದಿನದ ಫಲವೂ ಕೂಲಿಯೂ ಮೇಲೇರುತ್ತವೆ. ಬೇರೆ ದಾರಿಯೇ ಇಲ್ಲದವರು ಅಪಾಯದ ಕೆಲಸಕ್ಕೆ ಸಾಲುಗಟ್ಟಿ ನಿಲ್ಲುವ ಕಡೆ ಪ್ರಾಣದ ಹಂಗು ತೊರೆದು ದುಡಿದರೂ ಕೂಲಿ ಕೆಳಗೇ ಉಳಿಯುವುದು ಇದೇ ಕಾರಣಕ್ಕೆ. ಕೌಶಲವೂ ಹಾಗೆಯೇ. ಕಲಿಯಲು ವರ್ಷಗಳು ಬೇಕು ಎಂಬುದು ಕಲಿತವರ ಸಂಖ್ಯೆಯನ್ನು ಕಡಿಮೆ ಇಡುತ್ತದೆ, ಜೊತೆಗೆ ಕಲಿತವನ ಒಂದು ದಿನದ ಫಲವನ್ನು ಹೆಚ್ಚಿಸುತ್ತದೆ, ಎರಡೂ ಸೇರಿ ಕೂಲಿಯನ್ನು ಎತ್ತುತ್ತವೆ.

ಈ ಲೆಕ್ಕಕ್ಕೆ ಮಿತಿಗಳಿವೆ, ಅವುಗಳಲ್ಲಿ ಒಂದು ತೋಟದಲ್ಲೇ ಕಾಣುತ್ತದೆ. ಕೊನೆಗೌಡ ಮತ್ತು ನೇಣು ಹಿಡಿಯುವವನು ಜೋಡಿಯಾಗಿಯೇ ದುಡಿಯಬೇಕು. ಮೇಲಿನವನಿಲ್ಲದೆ ಕೆಳಗಿನವನಿಗೆ ಕೆಲಸವಿಲ್ಲ, ಕೆಳಗಿನವನಿಲ್ಲದೆ ಮೇಲಿನವನು ಇಳಿಸಿದ ಅಡಿಕೆ ಚೆಲ್ಲಾಪಿಲ್ಲಿಯಾಗುತ್ತದೆ. ಇಬ್ಬರಲ್ಲಿ ಯಾರನ್ನು ತೆಗೆದರೂ ಹೆಚ್ಚುಕಡಿಮೆ ಇಡೀ ಫಲವೇ ಹೋಗುವಾಗ, ಇದು ಇವನದು ಅದು ಅವನದು ಎಂದು ಒಂದು ತೋಟದೊಳಗೆ ನಿಂತು ಬಿಡಿಸಲು ಸಾಧ್ಯವೇ ಇಲ್ಲ. ಜೋಡಿಯ ಒಟ್ಟು ಫಲ ಮಾತ್ರ ಗೊತ್ತು. ಅದರಲ್ಲಿ ನೇಣು ಹಿಡಿಯುವವನ ಪಾಲು ಎಷ್ಟು ಎಂಬುದು ಅವನು ಆ ದಿನ ಮಣ್ಣಿನ ಕೆಲಸಕ್ಕೋ ಸೊಪ್ಪು ಹೊರಲಿಕ್ಕೋ ಹೋಗಿದ್ದರೆ ಎಷ್ಟು ಸಿಗುತ್ತಿತ್ತು ಎಂಬುದರಿಂದ ನಿಲ್ಲುತ್ತದೆ, ಉಳಿದದ್ದು ಸುಲಭಕ್ಕೆ ಸಿಗದ ಕೊನೆಗೌಡನ ಕಡೆ ಹೋಗುತ್ತದೆ.

ಎರಡನೆಯ ಮಿತಿ ಇನ್ನೂ ಗಂಭೀರವಾದದ್ದು. ಇದುವರೆಗಿನ ಲೆಕ್ಕವೆಲ್ಲ ನಿಂತಿರುವುದು ಕೂಲಿಗಾಗಿ ಹಲವು ಯಜಮಾನರು ಪೈಪೋಟಿ ಮಾಡುತ್ತಾರೆ ಎಂಬ ಊಹೆಯ ಮೇಲೆ. ಕೊನೆಗೌಡನಿಗೆ ನಲವತ್ತು ತೋಟಗಳ ಬಾಗಿಲು ತೆರೆದಿದೆ. ಕರಾವಳಿಯ ಒಂದು ಹಳ್ಳಿಯಲ್ಲಿ ಗೇರುಬೀಜ ಸಂಸ್ಕರಿಸುವ ಒಂದೇ ಕಾರ್ಖಾನೆ ಇದೆ, ಸಂಜೆ ಮಕ್ಕಳು ಮನೆಗೆ ಬರುವಷ್ಟರಲ್ಲಿ ತಾನೂ ಮರಳಬೇಕಾದ ಹೆಂಗಸಿಗೆ ಬಸ್ಸು ಹತ್ತಿ ದೂರ ಹೋಗುವ ಅನುಕೂಲವಿಲ್ಲ ಎಂದುಕೊಳ್ಳಿ. ಅಲ್ಲಿ ದಿನಕ್ಕೆ 350 ಕೊಟ್ಟರೆ ಹತ್ತು ಜನ ಬರುತ್ತಾರೆ, ಹನ್ನೊಂದನೆಯವರು ಬರಬೇಕಾದರೆ 370 ಕೊಡಬೇಕು. ಒಬ್ಬರಿಗೆ ಮಾತ್ರ 370 ಕೊಟ್ಟು ಉಳಿದವರಿಗೆ 350 ಕೊಡಲಾಗುವುದಿಲ್ಲ. ಹತ್ತು ಜನರ ವೆಚ್ಚ 3,500, ಹನ್ನೊಂದು ಜನರದ್ದು 4,070. ಹನ್ನೊಂದನೆಯವರ ಕೂಲಿ 370 ಆದರೂ ಮಾಲೀಕನ ಮೇಲೆ ಬಿದ್ದ ಹೆಚ್ಚಿನ ವೆಚ್ಚ 570. ಆಕೆಯಿಂದ ಬರುವ ಹೆಚ್ಚಿನ ಆದಾಯ 500 ಇದ್ದರೂ ಮಾಲೀಕ ಆಕೆಯನ್ನು ಕರೆಯುವುದಿಲ್ಲ, ಮತ್ತು ಒಳಗಿರುವ ಹತ್ತು ಜನ ತಮ್ಮ ಸೀಮಾಂತ ಫಲಕ್ಕಿಂತ ಬಹಳ ಕೆಳಗಿನ 350ರಲ್ಲೇ ದುಡಿಯುತ್ತಾರೆ. ಇಂಥ ಮಾರುಕಟ್ಟೆಯನ್ನು ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ವಿಶ್ಲೇಷಿಸಿದರು.

ಇಲ್ಲಿ ಕನಿಷ್ಠ ಕೂಲಿ 400 ಎಂದು ಕಾನೂನು ನಿಗದಿ ಮಾಡಿ ಅದು ನಿಜವಾಗಿ ಜಾರಿಯಾದರೆ, ಹತ್ತು ಜನಕ್ಕೂ 400 ಹೇಗೂ ಕೊಡಬೇಕಾದ್ದರಿಂದ ಹನ್ನೊಂದನೆಯವರಿಂದ ಬೀಳುವ ಹೆಚ್ಚಿನ ವೆಚ್ಚ 400 ಮಾತ್ರ. 500ರ ಆದಾಯ ತರುವವರನ್ನು ಈಗ ಮಾಲೀಕ ಕರೆಯುತ್ತಾನೆ. ಕೂಲಿ ಏರಿತು, ಕೆಲಸವೂ ಹೆಚ್ಚಿತು. ಪೈಪೋಟಿ ಇರುವ ಮಾರುಕಟ್ಟೆಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ಸೀಮಾಂತ ಫಲಕ್ಕಿಂತ ಮೇಲೆ ಕೂಲಿ ನಿಗದಿ ಮಾಡಿದರೆ ಕೆಲಸ ಕಡಿಮೆಯಾಗುತ್ತದೆ. ಯಾವ ಊರಿನಲ್ಲಿ ಯಾವುದು ನಿಜ ಎಂಬುದನ್ನು ಸಮೀಕ್ಷೆಯಿಂದಲೇ ತಿಳಿಯಬೇಕು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಮಾಡಿದ್ದು ಅದನ್ನೇ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ, ಪಕ್ಕದ ಪೆನ್ಸಿಲ್ವೇನಿಯಾದೊಡನೆ ಹೋಲಿಸಿ ನೋಡಿದರೆ ಅಲ್ಲಿನ ಫಾಸ್ಟ್‌ಫುಡ್ ಹೋಟೆಲುಗಳಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. 1994ರಲ್ಲಿ ಪ್ರಕಟವಾದ ಆ ಅಧ್ಯಯನದ ಬಗ್ಗೆ ದೀರ್ಘ ವಾದವಿವಾದ ನಡೆಯಿತು, ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಬಂತು.

ಊರಿನ ಮಟ್ಟದಲ್ಲಿ ಇದನ್ನು ಗುರುತಿಸಲು ಒಂದು ಸರಳ ಲಕ್ಷಣವಿದೆ. ‘ಕೆಲಸಕ್ಕೆ ಜನವೇ ಸಿಗುವುದಿಲ್ಲ’ ಎಂಬ ದೂರನ್ನು ಎಲ್ಲರೂ ಹೇಳುತ್ತಾರೆ, ಆ ದೂರಿನ ಜೊತೆಗೆ ಕೂಲಿ ಏನಾಗುತ್ತಿದೆ ಎಂದು ನೋಡಬೇಕು. ಕೊನೆಗೌಡರ ವಿಷಯದಲ್ಲಿ ಜನ ಸಿಗದಿದ್ದಾಗ ದರ ಏರುತ್ತದೆ, ಕೊಯ್ಲಿನ ನಡುವೆಯೇ ಪಕ್ಕದ ತೋಟದವರು ಹೆಚ್ಚು ಕೊಟ್ಟು ಕರೆದೊಯ್ಯುತ್ತಾರೆ, ಅಂದರೆ ಪೈಪೋಟಿ ಇದೆ. ಜನ ಸಾಲದು ಎಂದು ವರ್ಷಗಟ್ಟಲೆ ಹೇಳುತ್ತ, ಇನ್ನೊಬ್ಬರು ಬಂದರೆ ಲಾಭವೇ ಎಂದು ಒಪ್ಪುತ್ತ, ಕೂಲಿಯನ್ನು ಮಾತ್ರ ಅಲ್ಲೇ ಇಟ್ಟಿರುವ ಕಡೆ, ಒಬ್ಬರಿಗೆ ಹೆಚ್ಚು ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂಬ ಲೆಕ್ಕ ನಡೆಯುತ್ತಿದೆ ಎಂದು ಸಂಶಯಿಸಬಹುದು. ಅದೇ ಕೆಲಸವನ್ನು ಅಷ್ಟೇ ಹೊತ್ತು ಮಾಡುವ ಗಂಡಾಳಿಗೂ ಹೆಣ್ಣಾಳಿಗೂ ಬೇರೆ ಬೇರೆ ಕೂಲಿ ಇದ್ದರೆ ಆ ಅಂತರವನ್ನು ಸೀಮಾಂತ ಫಲದಿಂದ ಸಮರ್ಥಿಸಲು ಬರುವುದಿಲ್ಲ. ಬೇರೆಡೆ ಹೋಗಿ ದುಡಿಯುವ ದಾರಿ ಯಾರಿಗೆ ಎಷ್ಟು ತೆರೆದಿದೆ, ಹಿಂದಿನಿಂದ ನಡೆದುಬಂದ ರೂಢಿಯನ್ನು ಪ್ರಶ್ನಿಸುವ ಬಲ ಯಾರಿಗಿದೆ ಎಂಬುದರಲ್ಲಿ ಅದರ ಕಾರಣವನ್ನು ಹುಡುಕಬೇಕಾಗುತ್ತದೆ.